‘ಫೈರ್‌ವಾಲ್ ಓಪನ್ ಮಾಡಿ’ ಎಂದು ಬರೆಯುವ ಮುನ್ನ: ಆನ್-ಕಾಲ್ ಮಿತ್ರರಿಗೊಂದು ಬಹಿರಂಗ ಪತ್ರ

ಅಪ್ಲಿಕೇಶನ್ ತಂಡಗಳಲ್ಲಿ ದುಡಿಯುತ್ತ, ಸರದಿಯಂತೆ ರಾತ್ರಿಯ ಆನ್-ಕಾಲ್ ಹೊರುವ ಕಿರಿಯ ಎಂಜಿನಿಯರ್ ಮಿತ್ರರಿಗೆ,



ನಾನು ನೆಟ್‌ವರ್ಕ್ ತಂಡದವನು. ನಿಮ್ಮ ಟಿಕೆಟ್ ಸುತ್ತಿ ಬಳಸಿ ಕೊನೆಗೆ ಬಂದು ಬೀಳುವುದು ನನ್ನಂಥವರ ಮುಂದೆ. ಅದರಲ್ಲಿ ಹೆಚ್ಚಾಗಿ ಇರುವುದು ಮೂರೇ ಮಾತು: ಡೇಟಾಬೇಸ್ ಕನೆಕ್ಟ್ ಆಗ್ತಿಲ್ಲ, ಪಿಂಗ್ ಹೋಗ್ತಿದೆ, ದಯವಿಟ್ಟು ಫೈರ್‌ವಾಲ್ ಓಪನ್ ಮಾಡಿ. ನಾವು ಆಫೀಸಿನ ಫೈರ್‌ವಾಲ್ ನೋಡುತ್ತೇವೆ, ನಿಯಮ ಸರಿಯಾಗಿಯೇ ಇರುತ್ತದೆ, ‘ನಮ್ಮ ಕಡೆ ತೊಂದರೆ ಇಲ್ಲ’ ಎಂದು ಟಿಕೆಟ್ ಹಿಂದಿರುಗಿಸುತ್ತೇವೆ. ಕ್ಲೌಡ್ ತಂಡದವರೂ ಅದನ್ನೇ ಬರೆಯುತ್ತಾರೆ. ಅಷ್ಟರಲ್ಲಿ ಬೆಳಗಾಗಿರುತ್ತದೆ. ಈ ಓಡಾಟದಲ್ಲಿ ಯಾರೂ ಸುಳ್ಳು ಹೇಳಿರುವುದಿಲ್ಲ. ಪ್ಯಾಕೆಟ್ ಎಲ್ಲಿ ನಿಂತಿತು ಎಂಬುದನ್ನು ಮಾತ್ರ ಯಾರೂ ನೋಡಿರುವುದಿಲ್ಲ. ಅದನ್ನು ನೋಡುವುದು ನಿಮ್ಮ ಕೈಯಲ್ಲೇ ಇದೆ, ಹತ್ತು ನಿಮಿಷದ ಕೆಲಸ. ಅದಕ್ಕಾಗಿಯೇ ಈ ಪತ್ರ.

ಮೊದಲು ಒಂದು ಮಾತು ಮನಸ್ಸಿನಲ್ಲಿ ಕೂರಬೇಕು. ‘ಕನೆಕ್ಟ್ ಆಗಲಿಲ್ಲ’ ಎಂಬುದು ಒಂದೇ ಸುದ್ದಿಯಲ್ಲ. ನೀವು ಯಾರಿಗಾದರೂ ಸ್ವೀಕೃತಿ ಕೇಳಿ ಅಂಚೆಯಲ್ಲಿ ಕಾಗದ ಕಳಿಸಿದಿರಿ ಎಂದುಕೊಳ್ಳಿ. ಅದು ‘ತೆಗೆದುಕೊಳ್ಳಲು ನಿರಾಕರಿಸಿದ್ದಾರೆ’ ಎಂಬ ಷರಾ ಹೊತ್ತು ವಾಪಸ್ ಬಂದರೆ, ಪೋಸ್ಟ್‌ಮ್ಯಾನ್ ಆ ಮನೆಯ ಬಾಗಿಲಿಗೆ ಹೋಗಿದ್ದನೆಂದು ತಿಳಿಯಿತು. ಸ್ವೀಕೃತಿಯೂ ಬರಲಿಲ್ಲ, ಕಾಗದವೂ ಮರಳಲಿಲ್ಲ ಎಂದರೆ ಅದು ದಾರಿಯಲ್ಲೆಲ್ಲೋ ಮಾಯವಾಗಿದೆ. ಟಿಸಿಪಿಯಲ್ಲೂ ಹೀಗೆಯೇ. ನಿಮ್ಮ ಯಂತ್ರ ಸಿನ್ ಪ್ಯಾಕೆಟ್ ಕಳಿಸುತ್ತದೆ. ಆ ಪೋರ್ಟ್‌ನಲ್ಲಿ ಕೇಳುವವರು ಇದ್ದರೆ ಸಿನ್-ಆಕ್ ಬರುತ್ತದೆ. ಯಂತ್ರ ಇದ್ದೂ ಆ ಪೋರ್ಟ್‌ನಲ್ಲಿ ಯಾರೂ ಇಲ್ಲದಿದ್ದರೆ ರೀಸೆಟ್ ಬರುತ್ತದೆ. ಪರದೆಯ ಮೇಲೆ ಅದು `Connection refused`. ನಡುವೆ ಯಾರಾದರೂ ಸದ್ದಿಲ್ಲದೆ ಬಿಸಾಡಿದರೆ ಏನೂ ಬರುವುದಿಲ್ಲ, ಅದು `timed out`. ಎಡಬ್ಲ್ಯುಎಸ್‌ನ ಸೆಕ್ಯುರಿಟಿ ಗ್ರೂಪ್ ಸದಾ ಈ ಮೂರನೆಯ ರೀತಿಯದು. ಅದರಲ್ಲಿ ಅನುಮತಿಯ ನಿಯಮ ಮಾತ್ರ ಬರೆಯಬಹುದು. ಅನುಮತಿ ಇಲ್ಲದ್ದನ್ನು ಅದು ಕಾರಣ ಹೇಳದೆ ಬೀಳಿಸುತ್ತದೆ.

ಹೀಗಾಗಿ ರಿಫ್ಯೂಸ್ಡ್ ಬಂದಾಗ ಸೆಕ್ಯುರಿಟಿ ಗ್ರೂಪ್ ತೆರೆಯಿರಿ ಎಂದು ಕೇಳುವುದರಲ್ಲಿ ಅರ್ಥವಿಲ್ಲ. ಅದನ್ನು ದಾಟಿಯೇ ಉತ್ತರ ಬಂದಿದೆ. ಇಷ್ಟು ತಿಳಿದಿದ್ದರೆ ನಮಗೆ ಬರುವ ಟಿಕೆಟ್‌ಗಳಲ್ಲಿ ಎಷ್ಟೋ ಸರಿಯಾದ ಮನೆಗೇ ಹೋಗುತ್ತಿದ್ದವು.

ನಾನೇ ಕೂತು ಬಿಡಿಸಿದ ಒಂದು ಪ್ರಕರಣವನ್ನು ಮೊದಲಿನಿಂದ ಹೇಳುತ್ತೇನೆ. ಸಂಸ್ಥೆಯ ಹೆಸರು ಬೇಡ, ವಿಳಾಸಗಳನ್ನೂ ಬದಲಿಸಿದ್ದೇನೆ. ಬೆಂಗಳೂರಿನ ಆಫೀಸಿನ ಸರ್ವರ್ ಕೋಣೆಯಲ್ಲಿ ಒಂದು ಉಬುಂಟು ಯಂತ್ರ, 10.20.1.40. ಅದರ ಮೇಲೆ ಬಿಲ್ಲಿಂಗ್ ಅಪ್ಲಿಕೇಶನ್. ಎಡಬ್ಲ್ಯುಎಸ್‌ನ ಮುಂಬೈ ರೀಜನ್‌ನಲ್ಲಿ ಹೊಸದಾಗಿ ಎಬ್ಬಿಸಿದ ರೆಡ್‌ಹ್ಯಾಟ್ ಯಂತ್ರ, 10.60.2.15. ಅದರಲ್ಲಿ ಪೋಸ್ಟ್‌ಗ್ರೆಸ್, ಪೋರ್ಟ್ 5432. ಎರಡರ ನಡುವೆ ಆಫೀಸಿನ ಫೈರ್‌ವಾಲ್ ಮತ್ತು ವಿಪಿಎನ್. ರಾತ್ರಿ ಹನ್ನೊಂದಕ್ಕೆ ಡೇಟಾಬೇಸ್ ಬದಲಾವಣೆ, ಹನ್ನೊಂದೂವರೆಗೆ ಟಿಕೆಟ್.

ನಾನು ಕೇಳಿದ ಮೊದಲ ಪ್ರಶ್ನೆ: ಎಲ್ಲಿಂದ ಪರೀಕ್ಷಿಸಿದಿರಿ? ಟಿಕೆಟ್ ಬರೆದ ಹುಡುಗನ ಉತ್ತರ, ‘ನನ್ನ ಲ್ಯಾಪ್‌ಟಾಪ್‌ನಿಂದ ಸರ್.’ ಇಲ್ಲಿ ಸ್ವಲ್ಪ ನಿಲ್ಲಬೇಕು. ಫೈರ್‌ವಾಲ್ ಆಗಲಿ, ಸೆಕ್ಯುರಿಟಿ ಗ್ರೂಪ್ ಆಗಲಿ, ಮೊದಲು ನೋಡುವುದು ಪ್ಯಾಕೆಟ್ ಎಲ್ಲಿಂದ ಬಂತು ಎಂಬುದನ್ನು. ಲ್ಯಾಪ್‌ಟಾಪಿನ ವಿಳಾಸಕ್ಕೊಂದು ನಿಯಮ, ಸರ್ವರ್ ವಿಳಾಸಕ್ಕೆ ಇನ್ನೊಂದು. ಹಿಂದೊಮ್ಮೆ ನಾನು ನನ್ನ ಮೇಜಿನಿಂದಲೇ ಪರೀಕ್ಷಿಸಿ, ಕನೆಕ್ಟ್ ಆದದ್ದನ್ನು ಕಂಡು, ನೆಟ್‌ವರ್ಕ್ ಸರಿ ಇದೆ ಎಂದು ಬರೆದುಬಿಟ್ಟಿದ್ದೆ. ನಮ್ಮ ತಂಡದ ಸಬ್‌ನೆಟ್‌ಗೆ ಎಲ್ಲ ಕಡೆಯೂ ಅನುಮತಿ ಇತ್ತು, ಅಪ್ಲಿಕೇಶನ್ ಸರ್ವರ್‌ಗೆ ಇರಲಿಲ್ಲ. ನನ್ನ ಮಾತು ನಂಬಿ ಎದುರಿನ ತಂಡ ಇಡೀ ರಾತ್ರಿ ತಮ್ಮ ಕೋಡ್‌ನಲ್ಲಿ ತಪ್ಪು ಹುಡುಕಿತು. ಆ ನೋವು ನನಗೆ ಇಂದಿಗೂ ಇದೆ. ಅಪ್ಲಿಕೇಶನ್ ಯಾವ ಯಂತ್ರದಲ್ಲಿ ಓಡುತ್ತದೋ ಆ ಯಂತ್ರದಿಂದಲೇ ಪರೀಕ್ಷೆ ಮಾಡಿ. ಅದು ಕಂಟೇನರ್ ಒಳಗೆ ಓಡುತ್ತಿದ್ದರೆ ಕಂಟೇನರ್ ಒಳಗಿಂದ ಮಾಡಿ.

ಆ ಹುಡುಗ 10.20.1.40ಕ್ಕೆ ಲಾಗಿನ್ ಆಗಿ ಓಡಿಸಿದ್ದು ಇದು:

```
$ nc -vz -w 5 10.60.2.15 5432
nc: connect to 10.60.2.15 port 5432 (tcp) timed out: Operation now in progress
$ nc -vz -w 5 10.60.2.15 22
Connection to 10.60.2.15 22 port [tcp/ssh] succeeded!
```

`-z` ಎಂದರೆ ಕನೆಕ್ಟ್ ಆದೊಡನೆ ಮುಚ್ಚು, ಡೇಟಾ ಕಳಿಸಬೇಡ. `-v` ಎಂದರೆ ಏನಾಯಿತೆಂದು ಹೇಳು. `-w 5` ಎಂದರೆ ಐದು ಸೆಕೆಂಡಿಗಿಂತ ಹೆಚ್ಚು ಕಾಯಬೇಡ. ಇದನ್ನು ಮರೆತರೆ ಲಿನಕ್ಸ್ ತನ್ನ ಪಾಡಿಗೆ ಮತ್ತೆ ಮತ್ತೆ ಪ್ರಯತ್ನಿಸುತ್ತದೆ: ಒಂದು ಸೆಕೆಂಡ್ ಬಿಟ್ಟು, ನಂತರ ಎರಡು, ನಾಲ್ಕು, ಎಂಟು ಹೀಗೆ ದ್ವಿಗುಣಿಸುತ್ತ. ಬಹುಕಾಲದಿಂದ ಇರುವ ಡಿಫಾಲ್ಟ್‌ನಲ್ಲಿ ಆರು ಮರುಪ್ರಯತ್ನ ಮುಗಿದು ಕೈಬಿಡುವ ಹೊತ್ತಿಗೆ 127 ಸೆಕೆಂಡ್ ಆಗಿರುತ್ತದೆ. ಹೊಸ ಕರ್ನಲ್‌ಗಳಲ್ಲಿ ಲೆಕ್ಕ ಸ್ವಲ್ಪ ಬೇರೆ. ಎರಡು ನಿಮಿಷ ಕಪ್ಪು ಪರದೆ ನೋಡುತ್ತ ಕೂತವರು ಅದು ಹ್ಯಾಂಗ್ ಆಯಿತೆಂದು ಕಂಟ್ರೋಲ್-ಸಿ ಒತ್ತಿಬಿಡುತ್ತಾರೆ, ನಿಜವಾದ ಉತ್ತರ ನೋಡುವುದೇ ಇಲ್ಲ. ರೆಡ್‌ಹ್ಯಾಟ್ ಬಳಗದ ಯಂತ್ರಗಳಲ್ಲಿ `nc` ಎಂದು ಸಿಗುವುದು Ncat. ಅದರ ವಾಕ್ಯಗಳು ಬೇರೆ, ಅರ್ಥ ಇದೇ.

ಎರಡನೆಯ ಸಾಲು, ಪೋರ್ಟ್ 22ರದು, ಮೊದಲನೆಯದರಷ್ಟೇ ಬೆಲೆಯುಳ್ಳದ್ದು. ಅದೇ ಯಂತ್ರದಲ್ಲಿ ತೆರೆದಿದೆ ಎಂದು ಗೊತ್ತಿರುವ ಇನ್ನೊಂದು ಪೋರ್ಟ್ ಕನೆಕ್ಟ್ ಆಯಿತು ಎಂದರೆ ದಾರಿ ಇದೆ, ವಿಪಿಎನ್ ಎದ್ದಿದೆ, ಆಚೆಯ ಯಂತ್ರ ಜೀವಂತವಾಗಿದೆ, ಹಿಂದಿರುಗುವ ದಾರಿಯೂ ತೆರೆದಿದೆ. ಇಷ್ಟೂ ಅನುಮಾನಗಳು ಒಂದೇ ಏಟಿಗೆ ಕಳಚಿದವು. ಪಿಂಗ್ ಈ ಕೆಲಸ ಮಾಡುವುದಿಲ್ಲ. ಅದು ಐಸಿಎಂಪಿ, ಅದಕ್ಕೆ ಪೋರ್ಟ್ ಎಂಬುದೇ ಇಲ್ಲ, ನಿಯಮಗಳಲ್ಲಿ ಅದಕ್ಕೆ ಬೇರೆಯೇ ಸಾಲಿರುತ್ತದೆ. ಪಿಂಗ್ ಹೋದರೂ 5432 ಮುಚ್ಚಿರಬಹುದು, ಪಿಂಗ್ ಹೋಗದಿದ್ದರೂ 5432 ತೆರೆದಿರಬಹುದು.

ಈಗ `traceroute`. ಇದರ ಬಗ್ಗೆ ನಿಮ್ಮಲ್ಲಿ ನನ್ನ ಬಿನ್ನಹ ಹೆಚ್ಚು, ಏಕೆಂದರೆ ತಪ್ಪು ಓದುವುದು ಇದನ್ನೇ. ಸುಮ್ಮನೆ `traceroute` ಎಂದು ಹೊಡೆದರೆ ಲಿನಕ್ಸ್ ಕಳಿಸುವುದು ಯುಡಿಪಿ ಪ್ಯಾಕೆಟ್‌ಗಳನ್ನು, ಅದೂ 33434ರಿಂದ ಮೇಲಿನ ಪೋರ್ಟ್‌ಗಳಿಗೆ. ನಿಮ್ಮ ಸಮಸ್ಯೆ ಇರುವುದು ಟಿಸಿಪಿ 5432ರಲ್ಲಿ. ಸೆಕ್ಯುರಿಟಿ ಗ್ರೂಪ್ ಆ ಯುಡಿಪಿಯನ್ನು ಹೇಗೂ ಬೀಳಿಸುತ್ತದೆ. ಎಲ್ಲ ಸರಿ ಇದ್ದಾಗಲೂ ಕೊನೆಗೆ ನಕ್ಷತ್ರಗಳೇ ಕಾಣುತ್ತವೆ. ಆ ಚಿತ್ರವನ್ನು ಟಿಕೆಟ್‌ಗೆ ಅಂಟಿಸಿ ‘ಮೂರನೇ ಹಾಪ್‌ನಲ್ಲಿ ಸಿಕ್ಕಿಕೊಂಡಿದೆ’ ಎಂದು ಬರೆದರೆ ಅದು ಸಾಕ್ಷ್ಯವಾಗುವುದಿಲ್ಲ. ಸಿಕ್ಕಿಕೊಂಡ ಪೋರ್ಟ್‌ಗೇ ಟಿಸಿಪಿ ಸಿನ್ ಕಳಿಸುವಂತೆ ಹೇಳಬೇಕು. ಅದಕ್ಕೆ ರೂಟ್ ಅನುಮತಿ ಬೇಕು:

```
$ sudo traceroute -n -T -p 22 10.60.2.15
 1  10.20.1.1    0.4 ms
 2  10.20.0.1    0.9 ms
 3  * * *
 4  10.60.2.15   21.3 ms
$ sudo traceroute -n -T -p 5432 10.60.2.15
 1  10.20.1.1    0.4 ms
 2  10.20.0.1    0.8 ms
 3  * * *
 4  * * *
```

ಪ್ರತಿ ಸಾಲಿನಲ್ಲಿ ಮೂರು ಸಮಯಗಳಿರುತ್ತವೆ; ಓದಲು ಸುಲಭವಾಗಲೆಂದು ಒಂದನ್ನೇ ಉಳಿಸಿದ್ದೇನೆ, ಎರಡನೆಯದರಲ್ಲಿ ಮುಂದೆ ಬರುವ ನಕ್ಷತ್ರದ ಸಾಲುಗಳನ್ನೂ ಬಿಟ್ಟಿದ್ದೇನೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಮೂರನೆಯ ಹಾಪ್‌ನ ನಕ್ಷತ್ರ ಎರಡರಲ್ಲೂ ಇದೆ. ಪೋರ್ಟ್ 22 ಆ ನಕ್ಷತ್ರವನ್ನು ದಾಟಿ ಗುರಿ ಮುಟ್ಟಿದೆ. ಅಂದರೆ ಅಲ್ಲಿರುವ ಸಾಧನ ಪ್ಯಾಕೆಟ್ ಸಾಗಿಸುತ್ತದೆ, ತನ್ನ ಹೆಸರು ಮಾತ್ರ ಹೇಳುವುದಿಲ್ಲ. ನಡುವಿನ ನಕ್ಷತ್ರ ದೋಷವಲ್ಲ. ಎರಡು ಚಿತ್ರಗಳು ಎಲ್ಲಿ ಬೇರೆಯಾಗುತ್ತವೆ ಎಂಬುದೇ ಮುಖ್ಯ. ಇಲ್ಲಿ ಅವು ಬೇರೆಯಾಗಿರುವುದು 10.20.0.1, ಅಂದರೆ ಆಫೀಸಿನ ಫೈರ್‌ವಾಲ್ ಆದ ಮೇಲೆ.

ಹಾಗೆಂದು ತಪ್ಪು ಆ ಫೈರ್‌ವಾಲ್‌ನದೇ ಆಗಬೇಕಿಲ್ಲ. ಕೊನೆಯದಾಗಿ ಕಂಡ ಹಾಪ್ ತಾನೇ ಬೀಳಿಸಿರಬಹುದು, ಅದರಾಚೆಯ ಯಾವುದೋ ಒಂದು ಬೀಳಿಸಿರಬಹುದು. ಆಯುಷ್ಯ ಮುಗಿದ ಪ್ಯಾಕೆಟ್‌ಗೆ ‘ಇಲ್ಲಿಗೆ ಮುಗಿಯಿತು’ ಎಂದು ಉತ್ತರಿಸುವ ಸಾಧನ, ಅದೇ ಪ್ಯಾಕೆಟ್‌ಗೆ ಆಯುಷ್ಯ ಉಳಿದಿದ್ದರೆ ಮುಂದೆ ಬಿಡುತ್ತಿತ್ತೇ ಎಂಬುದನ್ನು ಹೇಳಿದಂತಾಗಲಿಲ್ಲ. `traceroute` ನಮ್ಮನ್ನು ಒಂದು ಅಂಚಿನವರೆಗೆ ತರುತ್ತದೆ. ಅಲ್ಲಿಂದ ಮುಂದೆ ಆಚೆ ದಡದಲ್ಲಿ ನಿಂತು ನೋಡಬೇಕು.

ಪೋರ್ಟ್ 22 ತೆರೆದಿದ್ದರಿಂದ ಡೇಟಾಬೇಸ್ ಯಂತ್ರಕ್ಕೆ ಲಾಗಿನ್ ಆಗಿ ಇದನ್ನು ಓಡಿಸಿಟ್ಟೆವು, ಈ ಕಡೆಯಿಂದ ಮತ್ತೆ `nc` ಹೊಡೆದೆವು:

```
$ sudo tcpdump -ni any 'host 10.20.1.40 and tcp port 5432'
```

ಒಂದು ಸಾಲೂ ಬರಲಿಲ್ಲ. `tcpdump` ಒಳಬರುವ ಪ್ಯಾಕೆಟ್ಟನ್ನು ಆ ಯಂತ್ರದ ಸ್ವಂತ ಫೈರ್‌ವಾಲ್‌ಗಿಂತ ಮೊದಲೇ ನೋಡುತ್ತದೆ. ಹಾಗಾಗಿ ಪ್ಯಾಕೆಟ್ ಯಂತ್ರದವರೆಗೆ ಬಂದೇ ಇಲ್ಲ ಎಂಬುದು ಖಚಿತವಾಯಿತು. ಉಳಿದವರು ಇಬ್ಬರು: ಆಫೀಸಿನ ಫೈರ್‌ವಾಲ್, ಇಲ್ಲವೇ ಎಡಬ್ಲ್ಯುಎಸ್ ಕಡೆಯ ನಿಯಮ. ಇದನ್ನು ಬಿಡಿಸಿದ್ದು ವಿಪಿಸಿಯ ಫ್ಲೋ ಲಾಗ್. ಕೆಲವು ನಿಮಿಷ ಕಾದ ಮೇಲೆ ಅದರಲ್ಲಿ ಈ ಸಾಲು ಸಿಕ್ಕಿತು (ಅಕ್ಕಪಕ್ಕದ ಕಲಮುಗಳನ್ನು ಬಿಟ್ಟಿದ್ದೇನೆ):

```
10.20.1.40 10.60.2.15 41822 5432 6 3 180 ... REJECT OK
```

ಈ ಸಾಲನ್ನು ನಿಧಾನವಾಗಿ ಓದಿ. 6 ಎಂದರೆ ಟಿಸಿಪಿ. ಮೂರು ಪ್ಯಾಕೆಟ್, 180 ಬೈಟ್. ನಾವು ಕೊಟ್ಟ ಐದು ಸೆಕೆಂಡಿನಲ್ಲಿ ನಮ್ಮ ಯಂತ್ರ ಸಿನ್ ಕಳಿಸಿದ್ದು ಮೂರು ಸಲ: ಮೊದಲನೆಯದು, ಒಂದು ಸೆಕೆಂಡ್ ಬಿಟ್ಟು ಇನ್ನೊಂದು, ಮತ್ತೆರಡು ಸೆಕೆಂಡ್ ಬಿಟ್ಟು ಮಗದೊಂದು. ಲಿನಕ್ಸ್‌ನ ಸಿನ್ ಒಂದಕ್ಕೆ 60 ಬೈಟ್. ಅವು ಮೂರೂ ಮುಂಬೈಯವರೆಗೆ ಹೋಗಿವೆ, ಯಂತ್ರದ ಹೊಸ್ತಿಲಲ್ಲಿ ಬಿದ್ದಿವೆ. ಆಫೀಸಿನ ಫೈರ್‌ವಾಲ್ ನಿರಪರಾಧಿ. ಈ ಸಾಲು ಫ್ಲೋ ಲಾಗ್‌ನಲ್ಲಿ ಇರದೇ ಹೋಗಿದ್ದರೆ ಪ್ಯಾಕೆಟ್ ಅಲ್ಲಿಗೆ ತಲುಪಿಲ್ಲವೆಂದು ತಿಳಿದು ನಾನು ನಮ್ಮ ಕಡೆಗೇ ತಿರುಗುತ್ತಿದ್ದೆ.

ಸೆಕ್ಯುರಿಟಿ ಗ್ರೂಪ್ ತೆರೆದು ನೋಡಿದರೆ 22ಕ್ಕೆ ಅನುಮತಿ 10.20.0.0/16ರಿಂದ, 5432ಕ್ಕೆ ಮಾತ್ರ 10.20.10.0/24ರಿಂದ. ಅಪ್ಲಿಕೇಶನ್ ಸರ್ವರ್ ಹಿಂದೆ ಆ ಸಬ್‌ನೆಟ್‌ನಲ್ಲಿತ್ತು, ಅಲ್ಲಿಂದ ಸ್ಥಳಾಂತರವಾಗಿ ತಿಂಗಳುಗಳಾಗಿದ್ದವು. ನಿಯಮ ಬರೆದವರು ಹಳೆಯ ದಾಖಲೆ ನೋಡಿ ಬರೆದಿದ್ದರು. ‘ನಮ್ಮ ಕಡೆ 5432 ಓಪನ್ ಇದೆ’ ಎಂದು ಕ್ಲೌಡ್ ತಂಡದವರು ಹೇಳಿದ್ದು ಅಕ್ಷರಶಃ ನಿಜವೇ ಆಗಿತ್ತು. ಯಾರಿಗೆ ಓಪನ್ ಎಂದು ಯಾರೂ ಕೇಳಿರಲಿಲ್ಲ.

ಎಡಬ್ಲ್ಯುಎಸ್‌ನಲ್ಲಿ ಬೀಳಿಸುವವರು ಸೆಕ್ಯುರಿಟಿ ಗ್ರೂಪ್ ಒಂದೇ ಅಲ್ಲ, ಸಬ್‌ನೆಟ್‌ನ ನೆಟ್‌ವರ್ಕ್ ಎಸಿಎಲ್ ಕೂಡ ಇದೆ. ಸೆಕ್ಯುರಿಟಿ ಗ್ರೂಪ್‌ಗೆ ನೆನಪಿನ ಶಕ್ತಿ ಇದೆ; ಒಳಗೆ ಬಿಟ್ಟ ಮಾತಿನ ಉತ್ತರವನ್ನು ತಾನಾಗಿ ಹೊರಗೆ ಬಿಡುತ್ತದೆ. ಎಸಿಎಲ್‌ಗೆ ಅದಿಲ್ಲ. ಹಿಂದಿರುಗುವ ಪ್ಯಾಕೆಟ್‌ಗೂ, ಅಂದರೆ ಕರೆ ಮಾಡಿದ ಯಂತ್ರ ಆ ಹೊತ್ತಿಗೆ ಆಯ್ದುಕೊಂಡ 41822ರಂಥ ದೊಡ್ಡ ಸಂಖ್ಯೆಯ ಪೋರ್ಟ್‌ಗೂ, ಬೇರೆ ಅನುಮತಿ ಬೇಕು. ಅದು ಇರದಿದ್ದರೆ `tcpdump`ನಲ್ಲಿ ಸಿನ್ ಬರುವುದೂ ಸಿನ್-ಆಕ್ ಹೊರಡುವುದೂ ಕಾಣುತ್ತದೆ, ಆದರೂ ಈ ಕಡೆಯ `nc`ಗೆ ಸಿಗುವುದು ಅದೇ ಮೌನ. ನಮ್ಮ ಪ್ರಕರಣದಲ್ಲಿ 22ರ ಉತ್ತರವೂ ಅಂಥದೇ ದೊಡ್ಡ ಪೋರ್ಟ್‌ಗೆ ಮರಳಿ ಬಂದಿದ್ದರಿಂದ ಆ ಶಂಕೆಗೆ ಜಾಗ ಉಳಿಯಲಿಲ್ಲ.

ನಿಯಮ ಸರಿಪಡಿಸಿದೆವು. ಯಂತ್ರವನ್ನು ರೀಸ್ಟಾರ್ಟ್ ಮಾಡುವ ಅಗತ್ಯವಿಲ್ಲ, ಬದಲಾವಣೆ ಆಗಲೇ ಜಾರಿಗೆ ಬರುತ್ತದೆ. ಮತ್ತೆ `nc` ಹೊಡೆದಾಗ ಬಂದದ್ದು:

```
nc: connect to 10.60.2.15 port 5432 (tcp) failed: No route to host
```

‘ಈಗ ದಾರಿಯೇ ಇಲ್ಲ ಅಂತಿದೆ ಸರ್, ಮೊದಲಿಗಿಂತ ಕೆಟ್ಟಿತು’ ಎಂದ ಆ ಹುಡುಗ. ಮಿತ್ರರೇ, ಈ ಸಂದೇಶ ಎಷ್ಟೋ ಜನರನ್ನು ದಾರಿ ತಪ್ಪಿಸಿದೆ. ಅದರ ಮಾತನ್ನಷ್ಟೇ ನಂಬದೆ ಬಂದ ವೇಗವನ್ನು ನೋಡಿ. ಮೊದಲು ಐದು ಸೆಕೆಂಡ್ ಮೌನವಿತ್ತು. ಈಗ ಎಂಟರ್ ಒತ್ತಿ ಬೆರಳು ತೆಗೆಯುವಷ್ಟರಲ್ಲಿ ಉತ್ತರ ಬಂದಿದೆ, ಮುಂಬೈಗೆ ಹೋಗಿ ಬರುವ ಇಪ್ಪತ್ತು ಚಿಲ್ಲರೆ ಮಿಲಿಸೆಕೆಂಡಿನಲ್ಲಿ. ಯಾರೋ ಓದಿ, ಷರಾ ಬರೆದು ವಾಪಸ್ ಕಳಿಸಿದ್ದಾರೆ. ಯಾರೆಂದು `traceroute -T -p 5432` ಹೇಳಿತು: 10.60.2.15ರ ಮುಂದೆ `!X` ಎಂಬ ಗುರುತು. ಆಡಳಿತಾತ್ಮಕವಾಗಿ ನಿಷೇಧಿಸಲಾಗಿದೆ ಎಂಬ ಐಸಿಎಂಪಿ ಉತ್ತರಕ್ಕೆ ಹಾಕುವ ಗುರುತು ಅದು. ಲಿನಕ್ಸ್ ಈ ಉತ್ತರವನ್ನು ಅಪ್ಲಿಕೇಶನ್‌ಗೆ ತಲುಪಿಸುವಾಗ ‘ನೋ ರೂಟ್ ಟು ಹೋಸ್ಟ್’ ಎಂದೇ ಹೇಳುತ್ತದೆ. ನಿಜವಾಗಿ ದಾರಿ ಇಲ್ಲದಿದ್ದರೆ ಸಾಮಾನ್ಯವಾಗಿ ನಡುವಿನ ರೂಟರ್ ಒಂದರ ಮುಂದೆ `!H` ಅಥವಾ `!N` ಇರುತ್ತಿತ್ತು.

ಷರಾ ಬರೆದದ್ದು ಆ ಯಂತ್ರದ ಒಳಗಿನ ಫೈರ್‌ವಾಲ್‌ಡಿ. ಅದು ಅನುಮತಿ ಇಲ್ಲದ್ದನ್ನು ಬಿಸಾಡುವುದಿಲ್ಲ, ತಿರಸ್ಕರಿಸಿ ತಿಳಿಸುತ್ತದೆ. ಅದರಲ್ಲಿ 5432 ಸೇರಿಸಿ ಮತ್ತೆ ಹೊಡೆದರೆ ಈ ಸಲ `Connection refused`. ಅಂದರೆ ಎಲ್ಲ ಫೈರ್‌ವಾಲ್‌ಗಳನ್ನೂ ದಾಟಿದೆವು, ಬಾಗಿಲಲ್ಲಿ ಕೇಳುವವರಿಲ್ಲ. ಡೇಟಾಬೇಸ್ ಯಂತ್ರದಲ್ಲಿ `ss -ltn` ಹೊಡೆದರೆ ಪೋಸ್ಟ್‌ಗ್ರೆಸ್ ಕೂತಿದ್ದು `127.0.0.1:5432`ರಲ್ಲಿ, ತನ್ನ ಮನೆಯೊಳಗಿನ ಮಾತನ್ನಷ್ಟೇ ಕೇಳುತ್ತ. ಪೋಸ್ಟ್‌ಗ್ರೆಸ್‌ನ `listen_addresses` ಡಿಫಾಲ್ಟ್ ಆಗಿ `localhost`. ಅದನ್ನು ಬದಲಿಸಿ ಸರ್ವೀಸ್ ರೀಸ್ಟಾರ್ಟ್ ಮಾಡಿದ ಮೇಲೆ `succeeded!` ಎಂಬ ಸಾಲು ಕಂಡಿತು. ಆಗ ರಾತ್ರಿ ಹನ್ನೆರಡೂಕಾಲು.

ಒಂದೇ ಟಿಕೆಟ್‌ನಲ್ಲಿ ಮೂರು ಬೇರೆ ಬೇರೆ ತಡೆ, ಮೂರು ಬೇರೆ ತಂಡಗಳ ಕೈಯಲ್ಲಿದ್ದವು. ಮೂರನ್ನೂ ಅಪ್ಲಿಕೇಶನ್ ಲಾಗ್ ಹೇಳಿದ್ದು ‘ಡೇಟಾಬೇಸ್ ಸಿಗುತ್ತಿಲ್ಲ’ ಎಂಬ ಒಂದೇ ಮಾತಿನಲ್ಲಿ. ಹೀಗಾಗಿ ಸಂದೇಶ ಬದಲಾದರೆ ನಿರಾಶರಾಗಬೇಡಿ. ಪ್ಯಾಕೆಟ್ ಒಂದು ಬಾಗಿಲು ಮುಂದೆ ಹೋಗಿದೆ ಎಂದು ತಿಳಿಯಿರಿ.

ಇದರ ಮಿತಿಗಳನ್ನೂ ಹೇಳದಿದ್ದರೆ ತಪ್ಪಾದೀತು. `succeeded!` ಎಂದರೆ ಯಾರೋ ಒಬ್ಬರು ಕೈ ಕುಲುಕಿದರು ಎಂದಷ್ಟೇ. ನಡುವೆ ಪ್ರಾಕ್ಸಿ ಇದ್ದರೆ ಕೈ ಕುಲುಕಿದ್ದು ಅದೇ ಆಗಿರಬಹುದು. ಕೆಲವು ಫೈರ್‌ವಾಲ್‌ಗಳು ತಾವೇ ರೀಸೆಟ್ ಕಳಿಸುವುದರಿಂದ ರಿಫ್ಯೂಸ್ಡ್ ಕೂಡ ಅಪರೂಪಕ್ಕೆ ನಡುದಾರಿಯಿಂದ ಬರುತ್ತದೆ; ಅನುಮಾನ ಬಂದರೆ ಆಚೆ `tcpdump` ಹಾಕಿ, ಸಿನ್ ಅಲ್ಲಿಗೆ ಬಂತೇ ನೋಡಿ. ಯುಡಿಪಿ ಪೋರ್ಟ್‌ಗೆ `nc -zu` ಹೇಳುವುದನ್ನು ದಯವಿಟ್ಟು ಟಿಕೆಟ್‌ನಲ್ಲಿ ಬರೆಯಲೇಬೇಡಿ: ಏನೂ ಉತ್ತರ ಬಾರದಿದ್ದರೂ ಅದು ಸಕ್ಸೀಡೆಡ್ ಎಂದುಬಿಡುತ್ತದೆ. ಕಂಟೇನರ್‌ನಲ್ಲಿ `nc` ಇರದಿದ್ದರೂ ಬ್ಯಾಶ್ ಇದ್ದರೆ ಇಷ್ಟು ಸಾಕು:

```
timeout 5 bash -c '</dev/tcp/10.60.2.15/5432'; echo $?
```

0 ಬಂದರೆ ಕನೆಕ್ಟ್ ಆಯಿತು, 124 ಬಂದರೆ ಮೌನ, 1 ಬಂದರೆ ಜೊತೆಗೇ ಕಾರಣದ ಸಾಲು ಇರುತ್ತದೆ.

ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಟಿಕೆಟ್‌ನಲ್ಲಿ ಪರೀಕ್ಷೆ ಮಾಡಿದ ಯಂತ್ರದ ಐಪಿ, ಗುರಿಯ ಐಪಿ ಮತ್ತು ಪೋರ್ಟ್, ನಿಮಿಷದವರೆಗಿನ ಸಮಯ ಇರಲಿ. ಸಮಯವಿಲ್ಲದೆ ಫೈರ್‌ವಾಲ್ ಲಾಗ್‌ನಲ್ಲಿ ನಾವು ಏನನ್ನೂ ಹುಡುಕಲಾರೆವು. `nc` ಕೊಟ್ಟ ಸಾಲನ್ನು ನಿಮ್ಮ ಮಾತಿಗೆ ತಿರುಗಿಸದೆ ಇದ್ದಂತೆಯೇ ಅಂಟಿಸಿ. ತೆರೆದಿರುವ ಇನ್ನೊಂದು ಪೋರ್ಟ್‌ನ ಫಲಿತಾಂಶವನ್ನೂ, ಎರಡಕ್ಕೂ `-T` ಹಾಕಿದ `traceroute`ಅನ್ನೂ ಜೊತೆಗಿಡಿ. ಗೊತ್ತಾಗದಿದ್ದರೆ ಟಿಕೆಟ್ ಬರೆದು ಕಾಯುವುದಕ್ಕಿಂತ ಫೋನ್ ಮಾಡಿ; ನಡುರಾತ್ರಿಯಾದರೂ ನಾವು ಎತ್ತುತ್ತೇವೆ.

ಕೊನೆಯದೊಂದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ‘ಪರೀಕ್ಷೆಗೆ ಐದು ನಿಮಿಷ’ ಎಂದು ಸೆಕ್ಯುರಿಟಿ ಗ್ರೂಪ್‌ನಲ್ಲಿ 0.0.0.0/0 ಬರೆಯಬೇಡಿ, ಯಾರಾದರೂ ಹಾಗೆ ಬರೆಯೋಣ ಎಂದರೆ ಒಪ್ಪಬೇಡಿ. ಆ ಸಾಲನ್ನು ಅಳಿಸಲು ಮರೆತ ರಾತ್ರಿಗಳ ಫಲವನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಿಮ್ಮ ಸರ್ವರ್‌ನ ಒಂದು ವಿಳಾಸ, /32, ಅಷ್ಟನ್ನೇ ಕೇಳಿ. ಮೇಲೆ ಹೇಳಿದ ಸಾಕ್ಷ್ಯದೊಡನೆ ಕೇಳಿದರೆ ನಾವು ತಡಮಾಡದೆ ಕೊಡುತ್ತೇವೆ.

ಇತಿ ನಿಮ್ಮ ವಿಶ್ವಾಸಿ,
ನೆಟ್‌ವರ್ಕ್ ತಂಡದ ಹಿರಿಯ ಸಹೋದ್ಯೋಗಿ
ಬೆಂಗಳೂರು